ಹಲಸಿನ ಬೀಜ ಹಸಿಯಾಗಿ ತಿನ್ನಬಹುದಾ, ಬೇಯಿಸಲೇಬೇಕಾ?

ಮುಂಜಾವು
ನಿನ್ನೆ ಒಂದು ದೊಡ್ಡ ಹಲಸಿನ ಹಣ್ಣು ಬಿಡಿಸಿದೆವು. ತೊಳೆ ಎಲ್ಲಾ ಖಾಲಿಯಾಯಿತು, ಬೀಜ ಮಾತ್ರ ಒಂದು ಪಾತ್ರೆ ತುಂಬ ಉಳಿದಿದೆ. ಎಣಿಸಿದೆ, 140ಕ್ಕೂ ಜಾಸ್ತಿ ಇವೆ. ಎಸೆಯೋಕೆ ಮನಸ್ಸಿಲ್ಲ. ಒಂದರ ಬಿಳಿ ಸಿಪ್ಪೆ ತೆಗೆದು ಹಸಿಯಾಗಿಯೇ ಕಚ್ಚಿ ನೋಡಿದೆ. ಕಟಕ್ ಅಂತ ಮುರಿಯಿತು. ಮೊದಲು ಬಾಯಲ್ಲಿ ಹಿಟ್ಟು ಹಿಟ್ಟಾಯಿತು, ಆಮೇಲೆ ನಾಲಿಗೆ ಪೂರ್ತಿ ಒಗರು. ಇನ್ನೊಂದನ್ನು ಅರ್ಧ ತಿಂದು ಬಿಟ್ಟುಬಿಟ್ಟೆ. ರಾತ್ರಿ ಹೊಟ್ಟೆ ಸ್ವಲ್ಪ ಉಬ್ಬರಿಸಿತು, ಬೆಳಿಗ್ಗೆ ಸರಿಹೋಯಿತು.

ಬೀಜ ತಿನ್ನೋ ವಸ್ತುನೇ ತಾನೇ? ಹಸಿಯಾಗಿ ತಿಂದರೆ ಏನಾದರೂ ಅಪಾಯ ಇದೆಯಾ? ಬೇಯಿಸಲೇಬೇಕು ಅಂದರೆ ಎಷ್ಟು ಹೊತ್ತು, ಬೆಂದಿದೆ ಅಂತ ತಿಳಿಯುವುದು ಹೇಗೆ? ದಯವಿಟ್ಟು ಗೊತ್ತಿರುವವರು ಹೇಳಿ.

ಕೆಂಪುಮಣ್ಣು
ಹಸಿಯಾಗಿ ಖಂಡಿತ ತಿನ್ನಬೇಡಿ ಅಕ್ಕ. ಹಣ್ಣಿನ ಬೀಜಗಳಲ್ಲಿ ಸಯನೈಡ್ ಇರುತ್ತದೆ. ಬೇಯಿಸಿದಾಗ ಅದು ಆವಿಯಾಗಿ ಹೋಗುತ್ತದೆ, ಅದಕ್ಕೇ ಬೇಯಿಸಿ ತಿನ್ನುವುದು. ಎರಡು ತಿಂದಿದ್ದಕ್ಕೆ ಏನೂ ಆಗಲಿಲ್ಲ ಅಂದರೆ ಪುಣ್ಯ.

ದೂರದಾರಿ
ಸುಮ್ನೆ ಹೆದರಿಸಬೇಡಿ. ಚಿಕ್ಕವನಿದ್ದಾಗಿನಿಂದ ಹಣ್ಣು ಬಿಡಿಸುವಾಗ ಒಂದೆರಡು ಹಸಿ ಬೀಜ ಬಾಯಿಗೆ ಹಾಕಿಕೊಳ್ಳುವುದು ನನ್ನ ಅಭ್ಯಾಸ. ಇವತ್ತಿನವರೆಗೆ ಏನೂ ಆಗಿಲ್ಲ. ರುಚಿ ಇಷ್ಟ ಆದರೆ ತಿನ್ನಿ, ಇಲ್ಲ ಅಂದರೆ ಬಿಡಿ, ಅಷ್ಟೇ.

ಪರೀಕ್ಷಾಮೇಜು
ಆಹಾರ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೆಂಪುಮಣ್ಣು ಅವರೇ, ಬೇಯಿಸಬೇಕು ಅನ್ನುವ ನಿಮ್ಮ ಮಾತು ಸರಿ. ಕಾರಣ ಮಾತ್ರ ಬೇರೆ. ಸಯನೈಡ್ ಹುಟ್ಟಿಸುವ ವಸ್ತು ಇರುವುದು ಕಹಿ ಬಾದಾಮಿ, ಏಪ್ರಿಕಾಟ್ ತಿರುಳು, ಸೇಬಿನ ಬೀಜ ಇಂಥವುಗಳಲ್ಲಿ. ಅವೆಲ್ಲ ಒಂದೇ ಕುಟುಂಬದ ಗಿಡಗಳು. ಹಲಸು ಆ ಕುಟುಂಬದ್ದಲ್ಲ, ಅತ್ತಿ ಮತ್ತು ಹಿಪ್ಪುನೇರಳೆಯ ಕಡೆಯ ಸಂಬಂಧಿ. ಹಲಸಿನ ಬೀಜದ ವಿಷಯದಲ್ಲಿ ಯೋಚಿಸಬೇಕಾದದ್ದು ಸಯನೈಡ್ ಬಗ್ಗೆ ಅಲ್ಲ, ಎರಡು ಬಗೆಯ ಪ್ರೋಟೀನ್‌ಗಳ ಬಗ್ಗೆ.

ಒಂದು ಲೆಕ್ಟಿನ್. ಹಲಸಿನ ಬೀಜದಲ್ಲಿರುವ ಲೆಕ್ಟಿನ್‌ಗೆ ಜಾಕಲಿನ್ ಅಂತಲೇ ಹೆಸರು, ಹಣ್ಣಿನ ಹೆಸರಿನಿಂದಲೇ ಬಂದದ್ದು. ಅದು ಕೆಲವು ಸಕ್ಕರೆ ಅಣುಗಳಿಗೆ ಅಂಟಿಕೊಳ್ಳುತ್ತದೆ. ನಮ್ಮ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯವನ್ನು ಬೇರ್ಪಡಿಸಲು ಪ್ರಯೋಗಾಲಯಗಳಲ್ಲಿ ಇದನ್ನೇ ಬಳಸುತ್ತಾರೆ, ಅಷ್ಟು ಚೆನ್ನಾಗಿ ಅಂಟುತ್ತದೆ. ಇನ್ನೊಂದು, ಪ್ರೋಟೀನ್ ಜೀರ್ಣ ಮಾಡುವ ಟ್ರಿಪ್ಸಿನ್ ಅನ್ನುವ ನಮ್ಮ ಕಿಣ್ವವನ್ನೇ ಕಟ್ಟಿಹಾಕುವ ಪ್ರೋಟೀನ್. ಸೋಯಾ ಮತ್ತು ಹಲವು ಕಾಳುಗಳಲ್ಲೂ ಇಂಥದ್ದೇ ಇದೆ. ಬೀಜವನ್ನು ನೀರಿನ ಜೊತೆ ಚೆನ್ನಾಗಿ ಕುದಿಸಿದರೆ ಈ ಪ್ರೋಟೀನ್‌ಗಳ ಆಕಾರ ಕೆಡುತ್ತದೆ, ಕೆಲಸ ನಿಲ್ಲುತ್ತದೆ. ಏನೂ ಆವಿಯಾಗಿ ಹಾರಿಹೋಗುವುದಿಲ್ಲ.

ದೂರದಾರಿ ಅವರೇ, ಒಂದೆರಡು ಹಸಿ ಬೀಜ ತಿಂದರೆ ಆರೋಗ್ಯವಂತ ದೊಡ್ಡವರಿಗೆ ದೊಡ್ಡ ತೊಂದರೆ ಆಗುವುದು ಕಡಿಮೆ, ಅದನ್ನು ಒಪ್ಪುತ್ತೇನೆ. ಆದರೆ ನೀವು ತಿಂದದ್ದು ಒಂದೆರಡು, ಇವರ ಹತ್ತಿರ ಇರುವುದು 140. ಒಂದು ಬಟ್ಟಲು ಹಸಿ ಬೀಜ ತಿಂದವರು ಹೊಟ್ಟೆ ನುಲಿತ, ಉಬ್ಬರ, ಕೆಲವೊಮ್ಮೆ ಭೇದಿ ಅಂತ ನರಳುವುದನ್ನು ನೋಡಿದ್ದೇನೆ. ಅದರಲ್ಲಿ ಪಿಷ್ಟದ ಪಾಲೂ ಇದೆ. ನೀರು ಬಿಟ್ಟರೆ ಬೀಜದಲ್ಲಿ ಹೆಚ್ಚಿನದು ಪಿಷ್ಟವೇ. ಹಸಿ ಪಿಷ್ಟದ ಕಣ ಗಟ್ಟಿ ಮುಚ್ಚಿಕೊಂಡಿರುತ್ತದೆ, ಸಣ್ಣ ಕರುಳಿನಲ್ಲಿ ಸರಿಯಾಗಿ ಕರಗುವುದಿಲ್ಲ. ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತದೆ. ಮುಂಜಾವು ಅವರಿಗೆ ರಾತ್ರಿ ಆದದ್ದು ಇದೇ ಇರಬೇಕು.

ದೂರದಾರಿ
ಸರಿ ಸರ್, ಬಟ್ಟಲುಗಟ್ಟಲೆ ನಾನೂ ತಿಂದಿಲ್ಲ. ಅದನ್ನು ಯೋಚಿಸಿರಲಿಲ್ಲ.

ಚಿಗುರು22
ಬೇಯಿಸಿದ ಬೀಜ ಮೊಳೆಯುವುದಿಲ್ಲ ಅಲ್ವಾ? ನನ್ನ ಹತ್ತಿರ ಹತ್ತು ಬೀಜ ಇವೆ, ಎರಡು ತಿಂಗಳಿಂದ ಡಬ್ಬಿಯಲ್ಲಿ ಒಣಗಿಸಿ ಇಟ್ಟಿದ್ದೇನೆ. ನೆಡುವ ಮೊದಲು ಬಿಸಿನೀರಿಗೆ ಹಾಕಬೇಕಾ?

ಹಳೇಪಾತ್ರೆ
ಮಗಾ, ಇಲ್ಲಿ ತಿನ್ನುವ ಮಾತು ನಡೆಯುತ್ತಿದೆ, ನೆಡುವ ಮಾತಲ್ಲ. ಆದರೂ ಹೇಳುತ್ತೇನೆ. ಎರಡು ತಿಂಗಳು ಒಣಗಿದ ಹಲಸಿನ ಬೀಜ ಮೊಳೆಯುವುದಿಲ್ಲ. ಇದು ರಾಗಿ, ಹುರುಳಿಯ ಹಾಗೆ ಕಾದಿಟ್ಟು ಬಿತ್ತುವ ಬೀಜ ಅಲ್ಲ, ನೀರು ಆರಿದರೆ ಜೀವ ಹೋಗುತ್ತದೆ. ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಒದ್ದೆ ಮಣ್ಣಿಗೆ ಹಾಕಬೇಕು. ಬಿಸಿನೀರಂತೂ ಬೇಡವೇ ಬೇಡ.

ಮುಂಜಾವು, ಈಗ ನಿನ್ನ ಬೀಜಕ್ಕೆ ಬರೋಣ. ನಾನು ಮಾಡುವ ರೀತಿ ಹೇಳುತ್ತೇನೆ. ಬೀಜದ ಮೇಲೆ ಮೂರು ಹೊದಿಕೆ ಇರುತ್ತವೆ. ಎಲ್ಲಕ್ಕಿಂತ ಹೊರಗೆ ಜಾರುವ ತೆಳು ಚೀಲ. ಅದರೊಳಗೆ ಬಿಳಿ ಸಿಪ್ಪೆ, ಗಟ್ಟಿ ಕಾಗದದ ಹಾಗೆ. ಅದರೊಳಗೆ ತಿರುಳಿಗೆ ಅಂಟಿಕೊಂಡ ಕಂದು ಸಿಪ್ಪೆ. ಚೀಲವನ್ನು ಕೈಯಲ್ಲೇ ಹಿಚುಕಿ ತೆಗೆದು ಬೀಜ ತೊಳೆ. ಕೈಗೆ ಹಲಸಿನ ಮೇಣ ಅಂಟಿದರೆ ನೀರು ಹಾಕಿ ತಿಕ್ಕಬೇಡ, ಇನ್ನೂ ಹರಡುತ್ತದೆ. ಎಣ್ಣೆ ಹಚ್ಚಿ ಒರೆಸು.

ಆಮೇಲೆ ಬೀಜವನ್ನು ಬಟ್ಟೆಯ ಮೇಲೆ ಒಂದು ದಿನ ಹರಡಿ ನೆರಳಲ್ಲಿ ಬಿಡು. ಇಷ್ಟು ಮಾಡಿದರೆ ಬಿಳಿ ಸಿಪ್ಪೆ ಒಣಗಿ ತಿರುಳಿನಿಂದ ಬಿಡುತ್ತದೆ. ಬೀಜವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಲೊಟಕ್ ಅನ್ನುವ ಸದ್ದು ಬರಬೇಕು. ಆಗ ತುದಿಗೆ ಒಂದು ಸಲ ಜಜ್ಜಿದರೆ ಸಿಪ್ಪೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಸಿ ಬೀಜದಿಂದ ಕಿತ್ತು ತೆಗೆಯಲು ಹೋದರೆ ಉಗುರು ನೋಯುತ್ತದೆ, ಅಷ್ಟೇ. ಅಥವಾ ಸಿಪ್ಪೆ ಸಮೇತ ಬೇಯಿಸಿ ಆಮೇಲೂ ತೆಗೆಯಬಹುದು. ಎರಡೂ ಸರಿ.

ಉರಿಒಲೆ
ನನ್ನ ಅನುಭವ ಹೇಳುತ್ತೇನೆ, ಯಾಕೆಂದರೆ ನಾನು ಬೇಯಿಸಿದ್ದೇನೆ ಅಂದುಕೊಂಡೇ ಹಸಿ ತಿಂದವನು.

ಹೋದ ಸಲ ಬೀಜವನ್ನು ಬಿಸಿಗಾಳಿ ಒಲೆಯಲ್ಲಿ ಹುರಿದೆ. 200 ಡಿಗ್ರಿ, 15 ನಿಮಿಷ. ಹೊರಗೆ ಸಿಪ್ಪೆ ಕಂದಾಗಿ ಅಲ್ಲಲ್ಲಿ ಕಪ್ಪಾಗಿತ್ತು, ವಾಸನೆ ಘಮ್ ಅಂತಿತ್ತು. ಎರಡು ಬೀಜ ಒಳಗೇ ಢಬ್ ಅಂತ ಸಿಡಿದವು. ಆಯಿತು ಅಂತ ತೆಗೆದು ಇಪ್ಪತ್ತರ ಹತ್ತಿರ ತಿಂದೆ. ಹೊರಭಾಗ ಕರುಂ ಕುರುಂ, ನಡುವೆ ಸೀಮೆಸುಣ್ಣದ ಹಾಗೆ. ಹುರಿದದ್ದು ಹೀಗೇ ಇರಬೇಕೇನೋ ಅಂದುಕೊಂಡೆ. ಮೂರು ಗಂಟೆ ಆದ ಮೇಲೆ ಹೊಟ್ಟೆ ನುಲಿಯಲು ಶುರುವಾಯಿತು. ರಾತ್ರಿಯಿಡೀ ನಿದ್ದೆ ಇಲ್ಲ. ಮರುದಿನ ಮಧ್ಯಾಹ್ನಕ್ಕೆ ಸರಿಹೋಯಿತು, ಆದರೆ ಅವತ್ತಿನಿಂದ ಬೀಜ ಅಂದರೆ ಹೆದರಿಕೆ.

ಬೀಜ ಮನೆಯಲ್ಲಿ ಹತ್ತು ಹನ್ನೆರಡು ದಿನ ಬುಟ್ಟಿಯಲ್ಲಿ ಬಿದ್ದಿದ್ದವು. ಹಳೆಯದಾಗಿದ್ದಕ್ಕೆ ಹೀಗಾಯಿತಾ? 200 ಡಿಗ್ರಿ ಅಂದರೆ ಕುದಿಯುವ ನೀರಿನ ಎರಡರಷ್ಟು ಬಿಸಿ, ಅದರಲ್ಲೂ ಬೇಯುವುದಿಲ್ಲ ಅಂದರೆ ಹೇಗೆ?

ಪರೀಕ್ಷಾಮೇಜು
ಉರಿಒಲೆ ಅವರೇ, ನೀವು ಕೇಳಿದ್ದೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ.

200 ಡಿಗ್ರಿ ಇದ್ದದ್ದು ಗಾಳಿ. ಗಾಳಿ ಬೀಜದ ಒಳಕ್ಕೆ ಶಾಖ ತಲುಪಿಸುವುದು ಬಹಳ ನಿಧಾನ. ಹೊರಸಿಪ್ಪೆ ಸುಡುವಷ್ಟು ಬಿಸಿಯಾದಾಗಲೂ ನಟ್ಟನಡುವೆ ಇನ್ನೂ ಅರೆಬಿಸಿ ಇರಬಹುದು. ಅದಕ್ಕಿಂತ ದೊಡ್ಡ ವಿಷಯ ನೀರು. ಪಿಷ್ಟ ಬೇಯುವುದು ಅಂದರೆ ಅದರ ಕಣ ನೀರು ಕುಡಿದು ಉಬ್ಬಿ ಮೆತ್ತಗಾಗುವುದು. ಬಿಸಿ ಎಷ್ಟಿದ್ದರೂ ನೀರು ಇಲ್ಲದಿದ್ದರೆ ಆ ಕೆಲಸ ಆಗುವುದಿಲ್ಲ. ಪ್ರೋಟೀನ್ ಕೂಡ ಒಣ ಶಾಖಕ್ಕಿಂತ ಒದ್ದೆ ಶಾಖದಲ್ಲಿ ಬೇಗ ಸೋಲುತ್ತದೆ.

ಆಗ ತಾನೇ ತೆಗೆದ ಬೀಜದಲ್ಲಿ ಅರ್ಧಕ್ಕಿಂತ ಜಾಸ್ತಿ ತೂಕ ನೀರಿನದ್ದೇ. ಹಾಗಾಗಿ ಅದನ್ನು ಹುರಿದರೆ ತನ್ನ ನೀರಿನಲ್ಲೇ ತಾನು ಬೇಯುತ್ತದೆ, ಸಿಪ್ಪೆಯೇ ಮುಚ್ಚಳ. ನಿಮ್ಮ ಬೀಜ ಹನ್ನೆರಡು ದಿನ ಬುಟ್ಟಿಯಲ್ಲಿ ಒಣಗಿತ್ತು. ಬೇಯಲು ಬೇಕಾದ ನೀರು ಒಳಗೆ ಉಳಿದಿರಲಿಲ್ಲ. ಮೇಲೆ ಸುಟ್ಟಿತು, ಒಳಗೆ ಹಸಿಯಾಗಿಯೇ ನಿಂತಿತು. ನೀವು ಸೀಮೆಸುಣ್ಣ ಅಂದಿರಲ್ಲ, ಅದೇ ಗುರುತು. ಆ ಇಪ್ಪತ್ತೂ ನಡುವೆ ಹಸಿಯೇ ಇದ್ದವು.

ಎರಡು ಸಿಡಿದದ್ದು ಒಳಗಿನ ಆವಿಗೆ ದಾರಿ ಸಿಗದೆ. ಹುರಿಯುವ ಮೊದಲು ಪ್ರತಿ ಬೀಜದ ತುದಿ ಕತ್ತರಿಸಬೇಕು, ಇಲ್ಲ ಅಂದರೆ ಚಾಕುವಿನಿಂದ ಒಂದು ಗೀರು ಹಾಕಬೇಕು. ಮೈಕ್ರೋವೇವ್‌ನಲ್ಲಂತೂ ಗೀರು ಹಾಕದೆ ಇಡಲೇಬೇಡಿ.

ಉರಿಒಲೆ
ಅಂದರೆ ಹುರಿಯಲೇಬಾರದಾ?

ಹಳೇಪಾತ್ರೆ
ಹುರಿಯಬಹುದಪ್ಪ. ಮೊದಲು ಬೇಯಿಸಿ ಆಮೇಲೆ ಹುರಿ. ಬೇಯಿಸಿದ ಬೀಜದ ನೀರು ಬಸಿದು, ಬಟ್ಟೆಯಲ್ಲಿ ಒರೆಸಿ, ಬಾಣಲೆಯಲ್ಲಿ ಹತ್ತು ನಿಮಿಷ ಹುರಿದರೆ ನಿನಗೆ ಬೇಕಾದ ಕರುಂ ಕುರುಂ ಸಿಗುತ್ತದೆ, ಹೊಟ್ಟೆಯೂ ಉಳಿಯುತ್ತದೆ. ಹಸಿ ಬೀಜವನ್ನೇ ನೇರ ಹುರಿಯಬೇಕು ಅಂದರೆ ಹಣ್ಣು ಬಿಡಿಸಿದ ಒಂದೆರಡು ದಿನದೊಳಗೆ ಮಾಡು, ಉರಿ ಸಣ್ಣ ಇಡು, ಮುಚ್ಚಳ ಮುಚ್ಚು. ಕೆಂಡದ ಬೂದಿಯಲ್ಲಿ ಹುಗಿದು ಸುಡುವವರ ಬೀಜ ಒಳಗೂ ಬೇಯುತ್ತದೆ, ಯಾಕೆ ಹೇಳು? ಉರಿ ನಿಧಾನ, ನೀರು ಹೊರಗೆ ಓಡಿಹೋಗುವುದಿಲ್ಲ.

ಮುಂಜಾವು
ಬಹಳ ಉಪಯೋಗ ಆಯಿತು ಅಮ್ಮ. ಹಾಗಾದರೆ ನೀರಿನಲ್ಲಿ ಎಷ್ಟು ಹೊತ್ತು? ಒಬ್ಬರು 10 ನಿಮಿಷ ಅನ್ನುತ್ತಾರೆ, ಇನ್ನೊಬ್ಬರು 45 ನಿಮಿಷ ಅನ್ನುತ್ತಾರೆ. ಯಾವುದನ್ನು ನಂಬಬೇಕು?

ಪರೀಕ್ಷಾಮೇಜು
ಎರಡೂ ಸರಿ ಇರಬಹುದು, ಬೀಜ ಬೇರೆ ಬೇರೆ. ಗಡಿಯಾರಕ್ಕಿಂತ ಚಾಕುವನ್ನು ನಂಬಿ. ಒಂದು ಸಲ ಮನೆಯಲ್ಲಿ ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಹಣ್ಣಿನಿಂದ ತೆಗೆದ ಮರುದಿನ, ಒಂದೇ ಅಳತೆಯ ಹತ್ತು ಬೀಜ ಆರಿಸಿದೆ. ಸುಮಾರು 3 ಸೆಂಟಿಮೀಟರ್ ಉದ್ದ. ಬಿಳಿ ಸಿಪ್ಪೆ ತೆಗೆದು, ಕಂದು ಸಿಪ್ಪೆ ಹಾಗೇ ಬಿಟ್ಟೆ. ನೀರು ಕುದಿ ಬಂದ ಮೇಲೆ ಬೀಜ ಹಾಕಿ, ಐದೈದು ನಿಮಿಷಕ್ಕೆ ಒಂದೊಂದು ತೆಗೆದು ಅಡ್ಡಕ್ಕೆ ಕತ್ತರಿಸಿದೆ.

5 ನಿಮಿಷಕ್ಕೆ ಕತ್ತರಿಸಿದ್ದು ಹಸಿ ಬೀಜದ ಹಾಗೇ ಕಟಕ್ ಅಂತ ಎರಡಾಯಿತು. ಅಂಚಿನಲ್ಲಿ ಮಾತ್ರ ಸಣ್ಣ ಉಂಗುರ ಮೇಣದ ಬಣ್ಣಕ್ಕೆ ತಿರುಗಿತ್ತು. 10 ನಿಮಿಷಕ್ಕೆ ಆ ಉಂಗುರ ದಪ್ಪವಾಗಿತ್ತು, ನಡುವೆ ಇನ್ನೂ ಬೆಳ್ಳಗೆ ಸುಣ್ಣದಂಥ ಗುಂಡು. 15 ನಿಮಿಷಕ್ಕೆ ಗುಂಡು ಬಟಾಣಿ ಗಾತ್ರಕ್ಕೆ ಇಳಿಯಿತು. 20ಕ್ಕೆ ಮೆಣಸಿನ ಕಾಳಿನಷ್ಟು ಚುಕ್ಕೆ. 25ಕ್ಕೆ ಚುಕ್ಕೆಯೇ ಇಲ್ಲ, ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ. ಬೆರಳಲ್ಲಿ ಒತ್ತಿದರೆ ಬೆಂದ ಆಲೂಗಡ್ಡೆಯ ಹಾಗೆ ಹುಡಿಯಾಯಿತು.

ಆ ಬಿಳಿ ಚುಕ್ಕೆ ಅಂದರೆ ನೀರು ಮತ್ತು ಬಿಸಿ ಇನ್ನೂ ಪೂರ್ತಿ ತಲುಪದ ಜಾಗ. ನಿಮ್ಮ ಪಾತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬೀಜವನ್ನು ತೆಗೆದು ಕತ್ತರಿಸಿ ನೋಡಿ. ಚುಕ್ಕೆ ಕಂಡರೆ ಇನ್ನೊಂದೈದು ನಿಮಿಷ. ಸಣ್ಣ ಬೀಜ ನೋಡಿ ಒಲೆ ಆರಿಸಬೇಡಿ. ಒಂದೇ ಹಣ್ಣಿನೊಳಗೆ ಒಂದರ ಎರಡರಷ್ಟು ದಪ್ಪದ ಬೀಜ ಇರುವುದು ಸಾಮಾನ್ಯ.

ಒಣಗಿದ ಬೀಜವನ್ನೂ ಹೀಗೇ ಮಾಡಿ ನೋಡಿದೆ. 40 ನಿಮಿಷ ಆದರೂ ನಡುವೆ ಚುಕ್ಕೆ ಹೋಗಲಿಲ್ಲ. ಅದೇ ಬೀಜವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಕುದಿಸಿದರೆ ಅರ್ಧ ಗಂಟೆಗೆ ಬೆಂದಿತು. ನೀವು ಕೇಳಿದ 10ಕ್ಕೂ 45ಕ್ಕೂ ನಡುವಿನ ಅಂತರ ಇಲ್ಲೇ ಇದೆ. ಎಳೆಯದಾದ ಸಣ್ಣ ಬೀಜವನ್ನು ಹೋಳು ಮಾಡಿ ಹಾಕಿದರೆ 10 ನಿಮಿಷಕ್ಕೇ ಬೇಯಬಹುದು.

ಹಳೇಪಾತ್ರೆ
ಕುಕ್ಕರ್‌ನಲ್ಲಾದರೆ ಹಸಿ ಬೀಜಕ್ಕೆ 3 ಸೀಟಿ ಸಾಕು. ಬೀಜ ಮುಳುಗುವಷ್ಟು ನೀರು, ಸ್ವಲ್ಪ ಉಪ್ಪು. ಸೀಟಿ ಆದ ಮೇಲೆ ತಣ್ಣೀರು ಸುರಿದು ಅವಸರದಲ್ಲಿ ತೆಗೆಯಬೇಡ, ಪ್ರೆಶರ್ ತಾನಾಗಿ ಇಳಿಯಲಿ. ಆ ಹತ್ತು ನಿಮಿಷದಲ್ಲೂ ಒಳಗೆ ಬೇಯುತ್ತಲೇ ಇರುತ್ತದೆ. ಒಣಗಿದ ಬೀಜ ಆದರೆ ನೆನೆಸಿ, 5 ಸೀಟಿ.

ಇನ್ನೊಂದು. ಹುಳಿ ಹಾಕುವುದಿದ್ದರೆ ಬೀಜ ಬೆಂದ ಮೇಲೆ ಹಾಕು. ಮೊದಲೇ ಹಾಕಿದರೆ ಬೇಯಲು ತಡ ಮಾಡುತ್ತದೆ. ಇದು ನನ್ನ ಕೈ ಕಂಡದ್ದು.

ಇಬ್ಬರಮ್ಮ
ನನ್ನ ಮಗನಿಗೆ ನಾಲ್ಕು ವರ್ಷ. ತೊಳೆ ತಿನ್ನುವಾಗ ಒಂದು ಬೀಜ ನುಂಗಿಬಿಟ್ಟೆ ಅನ್ನುತ್ತಿದ್ದಾನೆ. ಇದನ್ನೆಲ್ಲಾ ಓದಿ ಭಯ ಆಗುತ್ತಿದೆ. ಹಸಿ ಬೀಜ, ಲೆಕ್ಟಿನ್ ಅಂತೆಲ್ಲ ಇದೆಯಲ್ಲ?

ಪರೀಕ್ಷಾಮೇಜು
ಅಗಿಯದೆ ನುಂಗಿದ್ದರೆ ಲೆಕ್ಟಿನ್ ಬಗ್ಗೆ ಯೋಚಿಸಬೇಡಿ ತಾಯಿ. ಸಿಪ್ಪೆಯೊಳಗಿನ ತಿರುಳು ಒಡೆದಿಲ್ಲ, ಅದರಿಂದ ಏನೂ ಹೊರಬರುವುದಿಲ್ಲ. ಸಾಮಾನ್ಯವಾಗಿ ಹಾಗೇ ಹೊರಗೆ ಹೋಗುತ್ತದೆ. ನೋಡಬೇಕಾದದ್ದು ಬೇರೆ. ಅಷ್ಟು ದೊಡ್ಡ ಜಾರುವ ಬೀಜ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮಗು ಸರಿಯಾಗಿ ಉಸಿರಾಡುತ್ತಿದ್ದಾನಾ, ಕೆಮ್ಮು ಇದೆಯಾ, ಜೊಲ್ಲು ಸುರಿಸುತ್ತಿದ್ದಾನಾ, ನೀರು ನುಂಗಲು ಕಷ್ಟ ಪಡುತ್ತಿದ್ದಾನಾ? ಇವುಗಳಲ್ಲಿ ಒಂದಿದ್ದರೂ ಈಗಲೇ ಆಸ್ಪತ್ರೆಗೆ ಹೋಗಿ. ಆಮೇಲೆ ವಾಂತಿ ಆದರೆ, ಹೊಟ್ಟೆ ನೋವು ಅಂದರೆ ಅಥವಾ ಹೊಟ್ಟೆ ಉಬ್ಬಿದರೂ ತಡ ಮಾಡಬೇಡಿ. ಏನೂ ಇಲ್ಲ ಅಂದರೂ ಒಮ್ಮೆ ವೈದ್ಯರಿಗೆ ಫೋನ್ ಮಾಡಿ ಹೇಳಿ.

ಇಬ್ಬರಮ್ಮ
ಆಟ ಆಡುತ್ತಿದ್ದಾನೆ, ಈಗಷ್ಟೇ ನೀರು ಕುಡಿದ. ಡಾಕ್ಟರಿಗೂ ಫೋನ್ ಮಾಡಿದೆ, ಅವರೂ ಇದನ್ನೇ ಹೇಳಿದರು. ಇನ್ನು ಮೇಲೆ ಬೀಜ ತೆಗೆದೇ ಕೊಡುತ್ತೇನೆ.

ಕೆಂಪುಮಣ್ಣು
ಸಯನೈಡ್ ವಿಷಯ ತಿದ್ದಿದ್ದಕ್ಕೆ ಧನ್ಯವಾದ ಸರ್. ನಾನು ಯಾರೋ ಹೇಳಿದ್ದನ್ನೇ ನಂಬಿದ್ದೆ. ಒಂದು ಅನುಮಾನ ಉಳಿದಿದೆ. ಒಳಗಿನ ಕಂದು ಸಿಪ್ಪೆ ತಿನ್ನಬಹುದಾ, ಕೆರೆದು ತೆಗೆಯಬೇಕಾ? ನಮ್ಮ ಮನೆಯಲ್ಲಿ ಅದರಿಂದಲೇ ಗ್ಯಾಸ್ ಅನ್ನುತ್ತಾರೆ.

ಹಳೇಪಾತ್ರೆ
ನಾನು ಕೆರೆದೇ ಹಾಕುವುದು. ಹಸಿ ಬೀಜವನ್ನು ಒರಟು ಕಲ್ಲಿನ ಮೇಲೆ ತಿಕ್ಕಿದರೆ ಬರುತ್ತದೆ, ಚಾಕುವಿನಲ್ಲೂ ಕೆರೆಯಬಹುದು. ಕೆರೆದರೆ ಒಗರು ಇರುವುದಿಲ್ಲ, ಗ್ಯಾಸೂ ಕಡಿಮೆ.

ಪರೀಕ್ಷಾಮೇಜು
ಒಗರು ಆ ಸಿಪ್ಪೆಯ ಟ್ಯಾನಿನ್‌ನಿಂದ ಬರುವುದು, ಚಹಾದಲ್ಲಿರುವಂಥದ್ದೇ. ಆದ್ದರಿಂದ ಒಗರಿನ ಮಾತು ಒಪ್ಪುತ್ತೇನೆ. ಗ್ಯಾಸ್ ಮಾತು ಒಪ್ಪುವುದಿಲ್ಲ ಅಮ್ಮ. ಅದು ಹೆಚ್ಚಾಗಿ ತಿರುಳಿನೊಳಗಿನ ಪಿಷ್ಟದ್ದು. ಬೆಂದ ಮೇಲೂ ಸ್ವಲ್ಪ ಪಿಷ್ಟ ಜೀರ್ಣವಾಗದೆ ಮುಂದೆ ಹೋಗುತ್ತದೆ, ತಣ್ಣಗಾದ ಬೀಜದಲ್ಲಿ ಅದು ಇನ್ನೂ ಜಾಸ್ತಿ. ಚೆನ್ನಾಗಿ ಬೆಂದ ಬೀಜದಲ್ಲಿ ಕಂದು ಸಿಪ್ಪೆ ಹಾಗೇ ಇದ್ದರೂ ತಿನ್ನಬಹುದು. ನಾನು ತಿನ್ನುತ್ತೇನೆ.

ಹಳೇಪಾತ್ರೆ
ನಿಮ್ಮ ಹೊಟ್ಟೆಗೆ ಆಗಬಹುದು. ನಮ್ಮ ಮನೆಯವರಿಗೆ ಸಿಪ್ಪೆ ಬಿಟ್ಟ ದಿನ ಉಬ್ಬರ, ಕೆರೆದ ದಿನ ಇಲ್ಲ. ಎಷ್ಟೋ ವರ್ಷದಿಂದ ನೋಡಿದ್ದೇನೆ, ನಾನು ಕೆರೆಯುವುದು ಬಿಡುವುದಿಲ್ಲ.

ದೂರದಾರಿ
ಬೇಯಿಸಿದ ನೀರನ್ನು ಚೆಲ್ಲಿದರೆ ಗ್ಯಾಸ್ ಕಡಿಮೆ ಆಗುತ್ತದೆ ಅನ್ನುತ್ತಾರಲ್ಲ, ಅದು?

ಹಳೇಪಾತ್ರೆ
ಕಂದು ಬಣ್ಣದ ನೀರು ಒಗರಾಗಿರುತ್ತದೆ, ನಾನು ಚೆಲ್ಲುತ್ತೇನೆ. ಕೆಲವರು ಅದನ್ನೇ ಅಡುಗೆಗೆ ಬಳಸುತ್ತಾರೆ. ಬಳಸಿದವರಿಗೂ ಏನೂ ಆಗಿದ್ದು ಕೇಳಿಲ್ಲ.

ಬಿಳಿಮೋಡ
ನಡುವೆ ಬಂದೆ, ಕ್ಷಮಿಸಿ. ನನಗೆ ಬೇಯಿಸಿದ ಬೀಜ ತಿಂದರೂ ತುಟಿ, ಗಂಟಲು ತುರಿಸುತ್ತದೆ. ಹಣ್ಣು ತಿಂದರೆ ಇನ್ನೂ ಜಾಸ್ತಿ. ರಬ್ಬರ್ ಕೈಗವಸು ಹಾಕಿದರೂ ಕೈ ಕೆಂಪಾಗುತ್ತದೆ. ಇನ್ನೂ ಅರ್ಧ ಗಂಟೆ ಬೇಯಿಸಿದರೆ ಸರಿಹೋಗುತ್ತದಾ?

ಪರೀಕ್ಷಾಮೇಜು
ದಯವಿಟ್ಟು ಹಾಗೆ ಪ್ರಯೋಗ ಮಾಡಬೇಡಿ. ನಿಮ್ಮದು ಬೇಯದ ಬೀಜದ ತೊಂದರೆ ಅಲ್ಲ, ಅಲರ್ಜಿ ಇರುವಂತೆ ಕಾಣುತ್ತದೆ. ಹಲಸಿಗೆ ಅಲರ್ಜಿ ಇರುವವರಿದ್ದಾರೆ. ಅಲರ್ಜಿ ಹುಟ್ಟಿಸುವ ಎಲ್ಲ ಪ್ರೋಟೀನ್‌ಗಳೂ ಕುದಿಸಿದರೆ ಹೋಗುತ್ತವೆ ಅಂತ ಹೇಳಲು ಬರುವುದಿಲ್ಲ. ಹಣ್ಣು, ಬೀಜ ಎರಡನ್ನೂ ನಿಲ್ಲಿಸಿ. ಅಲರ್ಜಿ ನೋಡುವ ವೈದ್ಯರಿಗೆ ಈ ಕೈಗವಸಿನ ವಿಷಯವನ್ನೂ ಮರೆಯದೆ ಹೇಳಿ. ಮುಖ ಊದಿದರೆ ಅಥವಾ ಉಸಿರು ಕಟ್ಟಿದ ಹಾಗಾದರೆ ನೇರ ಆಸ್ಪತ್ರೆಗೆ.

ಬಿಳಿಮೋಡ
ಸರಿ. ಇಷ್ಟು ದಿನ ಬೇಯಿಸಿದ್ದು ಸಾಲದು ಅಂತಲೇ ತಿಳಿದಿದ್ದೆ.

ಮುಂಜಾವು
ಇನ್ನೊಂದು ಪ್ರಶ್ನೆ. 140 ಬೀಜ ಒಂದೇ ಸಲ ತಿನ್ನಲು ಆಗುವುದಿಲ್ಲ. ಇಡುವುದು ಹೇಗೆ? ನಾಲ್ಕೈದು ಬೀಜಕ್ಕೆ ಹಣ್ಣಿನೊಳಗೇ ಸಣ್ಣ ಮೊಳಕೆ ಬಂದಿತ್ತು, ಅವನ್ನು ತಿನ್ನಬಹುದಾ?

ಹಳೇಪಾತ್ರೆ
ತುಂಬ ಹಣ್ಣಾದರೆ ಒಳಗೇ ಮೊಳಕೆ ಬರುತ್ತದೆ. ಬೀಜ ಗಟ್ಟಿ ಇದ್ದರೆ ಮೊಳಕೆ ಮುರಿದು ಬೇಯಿಸು, ಏನೂ ಆಗುವುದಿಲ್ಲ. ಮೊಳಕೆ ಉದ್ದ ಬಂದಿದ್ದರೆ ರುಚಿ ಇರುವುದಿಲ್ಲ, ಚಿಗುರು22ಗೆ ಕೊಡು, ನೆಡಲಿ.

ಇಡುವುದಾದರೆ ತೊಳೆದು, ಮೇಲಿನ ನೀರು ಆರಿಸಿ, ಬಿಳಿ ಸಿಪ್ಪೆ ಸಮೇತ ಬಟ್ಟೆಯ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡು. ಎರಡು ಮೂರು ವಾರ ಚೆನ್ನಾಗಿರುತ್ತದೆ. ಒದ್ದೆ ಬೀಜವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ನಾಲ್ಕನೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಜಾಸ್ತಿ ದಿನ ಬೇಕು ಅಂದರೆ ಬೇಯಿಸಿ, ಸಿಪ್ಪೆ ತೆಗೆದು ಫ್ರೀಜರ್‌ಗೆ ಹಾಕು.

ಅಡುಗೆಗೆ ತೆಗೆಯುವಾಗ ಒಂದೊಂದನ್ನೂ ಒತ್ತಿ ನೋಡು. ಮೆತ್ತಗಾಗಿದ್ದರೆ, ಕತ್ತರಿಸಿದಾಗ ಒಳಗೆ ಕಪ್ಪು ಅಥವಾ ಹಸಿರು ಕಂಡರೆ, ಹುಳಿ ವಾಸನೆ ಬಂದರೆ ಎಸೆ. ಬೂಸಲು ಹಿಡಿದದ್ದನ್ನು ಬೇಯಿಸಿದರೂ ಒಳ್ಳೆಯದಾಗುವುದಿಲ್ಲ.

ಪರೀಕ್ಷಾಮೇಜು
ಕೊನೆಯ ಮಾತಿಗೆ ನಾನೂ ಒತ್ತು ಕೊಡುತ್ತೇನೆ. ಬೂಸಲಿನಿಂದ ಹುಟ್ಟುವ ಕೆಲವು ವಿಷಗಳು ಕುದಿಯುವ ನೀರಿಗೆ ಜಗ್ಗುವುದಿಲ್ಲ. ಹಸಿ ಬೀಜದ ಪ್ರೋಟೀನ್‌ಗೆ ಬೇಯಿಸುವುದೇ ಪರಿಹಾರ, ಬೂಸಲಿಗೆ ಅದು ಪರಿಹಾರ ಅಲ್ಲ.

ಎರಡುಹೊತ್ತು
ನನಗೆ ಸಕ್ಕರೆ ಕಾಯಿಲೆ ಇದೆ. ಹಲಸಿನ ಬೀಜದ ಹಿಟ್ಟು ಒಳ್ಳೆಯದು ಅಂತ ಒಬ್ಬರು ಕೊಟ್ಟರು. ಒಣಗಿಸಿ ಬೀಸಿದ್ದು. ಬೆಳಿಗ್ಗೆ ಎರಡು ಚಮಚ ಮಜ್ಜಿಗೆಗೆ ಕಲಸಿ ಕುಡಿಯಿರಿ ಅಂದಿದ್ದಾರೆ. ಕುಡಿಯಬಹುದಾ?

ಪರೀಕ್ಷಾಮೇಜು
ಒಣಗಿಸುವ ಮೊದಲು ಬೀಜ ಬೇಯಿಸಿದ್ದರಾ, ಕೇಳಿ. ಹಸಿ ಬೀಜವನ್ನು ಬಿಸಿಲಲ್ಲಿ ಒಣಗಿಸಿ ಬೀಸಿದ್ದಾದರೆ ಅದು ಹಸಿ ಹಿಟ್ಟೇ. ಒಣಗಿದ ಮಾತ್ರಕ್ಕೆ ಬೆಂದ ಹಾಗಾಗುವುದಿಲ್ಲ. ಅಂಥ ಹಿಟ್ಟನ್ನು ನೀರಿನಲ್ಲಿ ಕುದಿಸಿ ಗಂಜಿ ಮಾಡಿ ಅಥವಾ ಬೇರೆ ಹಿಟ್ಟಿನ ಜೊತೆ ಸೇರಿಸಿ ಬೇಯಿಸಿಯೇ ತಿನ್ನಬೇಕು, ಮಜ್ಜಿಗೆಗೆ ಕಲಸಿ ಅಲ್ಲ. ಸಕ್ಕರೆ ಕಾಯಿಲೆಗೆ ಎಷ್ಟು ಅನ್ನುವುದನ್ನು ನಿಮ್ಮ ವೈದ್ಯರ ಜೊತೆ ಮಾತಾಡಿ. ಇದು ಪಿಷ್ಟವೇ, ಅನ್ನ ರೊಟ್ಟಿಯ ಲೆಕ್ಕದಲ್ಲೇ ಸೇರಿಸಬೇಕು.

ಎರಡುಹೊತ್ತು
ಕೊಟ್ಟವರನ್ನು ಕೇಳಿದೆ. ಬಿಸಿಲಲ್ಲಿ ಒಣಗಿಸಿದ್ದಂತೆ, ಬೇಯಿಸಿಲ್ಲವಂತೆ. ಆದರೆ ತಾವು ಹಾಗೇ ಕುಡಿಯುತ್ತೇವೆ, ಏನೂ ಆಗಿಲ್ಲ ಅನ್ನುತ್ತಾರೆ.

ಉರಿಒಲೆ
ಎರಡು ಚಮಚಕ್ಕೆ ಅವರಿಗೆ ಏನೂ ಆಗದೇ ಇರಬಹುದು. ಇಪ್ಪತ್ತು ಬೀಜ ತಿಂದ ರಾತ್ರಿ ನನಗೆ ನೆನಪಿದೆ. ಕುದಿಸುವುದಕ್ಕೆ ಹತ್ತು ನಿಮಿಷ, ಅಷ್ಟು ಮಾಡಿ ಸರ್.

ಮುಂಜಾವು
ಇವತ್ತು ಮಾಡಿದೆ. 30 ಬೀಜ ತೆಗೆದುಕೊಂಡೆ. ನಿನ್ನೆ ನೆರಳಲ್ಲಿ ಹರಡಿದ್ದೆ, ಬೆಳಿಗ್ಗೆ ಅಲ್ಲಾಡಿಸಿದರೆ ಅಮ್ಮ ಹೇಳಿದ ಹಾಗೇ ಲೊಟಕ್ ಅಂದಿತು, ಬಿಳಿ ಸಿಪ್ಪೆ ಸುಲಭವಾಗಿ ಬಂತು. ಹದಿನೈದರ ಕಂದು ಸಿಪ್ಪೆ ಕೆರೆದೆ, ಹದಿನೈದನ್ನು ಹಾಗೇ ಬಿಟ್ಟೆ. ತೆರೆದ ಪಾತ್ರೆಯಲ್ಲಿ ಕುದಿಸಿದೆ. 20 ನಿಮಿಷಕ್ಕೆ ಎಲ್ಲಕ್ಕಿಂತ ದಪ್ಪದ್ದನ್ನು ಕತ್ತರಿಸಿದರೆ ನಡುವೆ ಬಿಳಿ ಚುಕ್ಕೆ ಸ್ಪಷ್ಟವಾಗಿ ಕಂಡಿತು. ಚುಕ್ಕೆಯನ್ನು ಮಾತ್ರ ಚಾಕುವಿನ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟೆ, ಮೊನ್ನೆಯ ಅದೇ ಹಸಿ ಹಿಟ್ಟಿನ ರುಚಿ. 28 ನಿಮಿಷಕ್ಕೆ ಇನ್ನೊಂದನ್ನು ಕತ್ತರಿಸಿದೆ, ಚುಕ್ಕೆ ಇರಲಿಲ್ಲ.

ಉಪ್ಪು ಹಾಕಿ ಎಂಟು ಬೀಜ ತಿಂದೆ. ಕೆರೆದದ್ದು ಮೆತ್ತಗೆ, ಸ್ವಲ್ಪ ಸಿಹಿ. ಕೆರೆಯದ್ದರಲ್ಲಿ ಸಣ್ಣ ಒಗರು ಇತ್ತು, ಆದರೆ ನನಗೆ ಅದೇ ಇಷ್ಟವಾಯಿತು. ಈಗ ಆರು ಗಂಟೆ ಕಳೆದಿದೆ, ಹೊಟ್ಟೆ ಆರಾಮ ಇದೆ. ಉಳಿದ ಬೀಜ ಬಟ್ಟೆ ಚೀಲದಲ್ಲಿ ಫ್ರಿಜ್ ಸೇರಿದೆ.

ಚಿಗುರು22
ಅಕ್ಕ, ಆ ಮೊಳಕೆ ಬಂದ ನಾಲ್ಕು ಬೀಜ ಇನ್ನೂ ಇವೆಯಾ?